ಗ್ರಾಹಕರಿಗೆ ಬರೆಯುವ ಇಮೇಲ್‌ನಲ್ಲಿ ಅಲ್ಪವಿರಾಮ: ಎಲ್ಲಿ ಬೇಕು, ಎಲ್ಲಿ ಬೇಡ

"ಶುಕ್ರವಾರ ನೀವು ಕಳುಹಿಸಿದ ಮಾದರಿಯನ್ನು ಪರಿಶೀಲಿಸಿದೆವು." ಈ ವಾಕ್ಯದ ಪ್ರಕಾರ ಶುಕ್ರವಾರ ನಡೆದದ್ದು ಏನು? ಗ್ರಾಹಕರು ಮಾದರಿ ಕಳುಹಿಸಿದ್ದೋ, ನಾವು ಅದನ್ನು ಪರಿಶೀಲಿಸಿದ್ದೋ? ವ್ಯಾಕರಣದ ದೃಷ್ಟಿಯಿಂದ ಎರಡೂ ಸರಿ. ಬರೆದವರಿಗೆ ತಮ್ಮ ಮನಸ್ಸಿನಲ್ಲಿ ಇರುವುದು ಗೊತ್ತಿರುವುದರಿಂದ ಎರಡನೆಯ ಅರ್ಥ ಹೊಳೆಯುವುದೇ ಇಲ್ಲ. ಓದುವವರಿಗೆ ಅಂಥ ಅನುಕೂಲ ಇರುವುದಿಲ್ಲ.

ವಿಜಯಪುರದ ಒಣದ್ರಾಕ್ಷಿ ವ್ಯಾಪಾರವನ್ನೇ ತೆಗೆದುಕೊಳ್ಳೋಣ. ತಿಕೋಟಾ ಕಡೆಯ ತೋಟದಿಂದ ಬಂದ ಮಾಲು ಶೀತಲಗೃಹದಲ್ಲಿರುತ್ತದೆ, ಕೊಳ್ಳುವ ಬೇಕರಿಯವರು ಬೆಂಗಳೂರಿನಲ್ಲಿ ಇರುತ್ತಾರೆ. ಮಾತೆಲ್ಲ ಫೋನಿನಲ್ಲಿ ಕುದುರಿದರೂ ಕೊನೆಗೆ ದರ, ದಿನ, ಪೆಟ್ಟಿಗೆಯ ಲೆಕ್ಕ ಇಮೇಲ್‌ಗೆ ಇಳಿಯಲೇಬೇಕು, ಏಕೆಂದರೆ ನಾಳೆ ತಕರಾರು ಬಂದರೆ ತೆಗೆದು ತೋರಿಸುವುದು ಅದನ್ನೇ. ಗಡಿಬಿಡಿಯಲ್ಲಿ ಬರೆದ ಅಂಥ ಇಮೇಲ್ ಹೀಗಿರುತ್ತದೆ ಎಂದುಕೊಳ್ಳಿ:

> ಮಾನ್ಯರೇ
> ಶುಕ್ರವಾರ ನೀವು ಕಳುಹಿಸಿದ ಮಾದರಿಯನ್ನು ಪರಿಶೀಲಿಸಿದೆವು. ಅದಕ್ಕೆ ಹೊಂದುವ ಹಸಿರು ಒಣದ್ರಾಕ್ಷಿ ಸಿದ್ಧ ಆದರೆ ಲಾರಿ ಬುಧವಾರ ಬರುತ್ತದೆ. ಮುಂದಿನ ಸೋಮವಾರದೊಳಗೆ ನೀವು ತಿಳಿಸುವ ಗೋದಾಮಿಗೆ 200 ಪೆಟ್ಟಿಗೆ ತಲುಪಿಸುತ್ತೇವೆ ಮತ್ತು ಬಾಕಿ ಹಣ ಬಂದ ಮೇಲೆ ಉಳಿದ 100 ಪೆಟ್ಟಿಗೆ ಹೊರಡುತ್ತವೆ. ಪೆಟ್ಟಿಗೆ ತೆರೆದು ನೋಡಿ ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಬದಲಾಯಿಸಿ ಕೊಡುತ್ತೇವೆ. 10 ಕಿಲೋ ಮತ್ತು 15 ಕಿಲೋ ಪೆಟ್ಟಿಗೆ ಮತ್ತು ಚೀಲಗಳ ದರಪಟ್ಟಿ ಲಗತ್ತಿಸಿದ್ದೇವೆ.

ಇದರಲ್ಲಿ ಒಂದೇ ಒಂದು ಅಲ್ಪವಿರಾಮವಿಲ್ಲ. ಒಮ್ಮೆ ಓದಿದರೆ ಎಲ್ಲ ಅರ್ಥವಾದಂತೆಯೂ ಅನ್ನಿಸುತ್ತದೆ. ಆದರೆ ಇದರ ಪ್ರತಿಯೊಂದು ವಾಕ್ಯಕ್ಕೂ ಎರಡೆರಡು ಅರ್ಥಗಳಿವೆ ಅಥವಾ ಕನಿಷ್ಠ ಒಂದು ಮುಗ್ಗರಿಕೆಯಿದೆ. ಇದನ್ನು ಕಂಡು ಗಾಬರಿಯಾದವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ:

> ನಮ್ಮ ಸಂಸ್ಥೆಯು, ನಿಮ್ಮ ಮಾದರಿಯನ್ನು, ಪರಿಶೀಲಿಸಿ, ದರವನ್ನು ನಿಗದಿಪಡಿಸಿ, ಮತ್ತು, ಲಾರಿಯನ್ನು ಗೊತ್ತುಪಡಿಸಿದೆ. ಆದರೆ, ಲಾರಿ, ಬುಧವಾರ ಬರುತ್ತದೆ, ಎಂದು, ತಿಳಿಸಲು ಹರ್ಷಿಸುತ್ತೇವೆ.

ಇದನ್ನು ಓದುವುದೆಂದರೆ ಹತ್ತು ಹೆಜ್ಜೆಗೊಂದು ರಸ್ತೆಯುಬ್ಬು ಇರುವ ಬೀದಿಯಲ್ಲಿ ಸ್ಕೂಟರ್ ಓಡಿಸಿದಂತೆ. ಮೊದಲನೆಯದರಲ್ಲಿ ಅರ್ಥ ಎರಡಾಯಿತು, ಎರಡನೆಯದರಲ್ಲಿ ಅರ್ಥ ಒಂದೇ ಇದ್ದರೂ ಅದನ್ನು ತಲುಪುವಷ್ಟರಲ್ಲಿ ಓದುಗರು ಬೇಸತ್ತರು. ಇವೆರಡರ ನಡುವೆ ನಿಲ್ಲಬೇಕಾದರೆ ಎರಡು ಜಾಗಗಳನ್ನು ಚೆನ್ನಾಗಿ ತಿಳಿದುಕೊಂಡರೆ ಸಾಕು. ಒಂದು, ವಾಕ್ಯದ ಆರಂಭದಲ್ಲಿ ಬರುವ ಕಾಲ, ಸ್ಥಳ, ಷರತ್ತುಗಳ ಮಾತು ಮುಗಿಯುವ ಜಾಗ. ಇನ್ನೊಂದು, 'ಮತ್ತು', 'ಆದರೆ', 'ಹಾಗೂ' ಮುಂತಾದ ಜೋಡಿಸುವ ಪದಗಳ ಹಿಂದಿನ ಜಾಗ.

ಆರಂಭದ ಮಾತು ಯಾವುದಕ್ಕೆ ಅಂಟಿಕೊಳ್ಳುತ್ತದೆ?

ಶಾಲೆಯಲ್ಲಿ ನಾವು ಕಲಿತದ್ದು ಬಹಳ ಕಡಿಮೆ. ಸಂಬೋಧನೆಯ ಮುಂದೆ ಅಲ್ಪವಿರಾಮ ಹಾಕಬೇಕು, ಸಾಲಾಗಿ ಬರುವ ಪದಗಳ ನಡುವೆ ಹಾಕಬೇಕು. ಅಷ್ಟೇ. ಉಳಿದದ್ದನ್ನು "ಓದುವಾಗ ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಹಾಕು" ಎಂದು ಹೇಳಿ ಮುಗಿಸುತ್ತಿದ್ದರು. ಈ ಉಸಿರಿನ ಸೂತ್ರವನ್ನು ನಾನು ನಂಬುವುದಿಲ್ಲ. ಒಬ್ಬೊಬ್ಬರ ಉಸಿರು ಒಂದೊಂದು ಅಳತೆಯದು, ಮೇಲಾಗಿ ಕಣ್ಣಿನಲ್ಲಿ ಓದುವವರು ಉಸಿರನ್ನು ಲೆಕ್ಕಕ್ಕೆ ಇಡುವುದೇ ಇಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಆರಂಭದ ಪದ ವಾಕ್ಯದ ಯಾವ ಕ್ರಿಯೆಗೆ ಅಂಟಿಕೊಳ್ಳಬೇಕು, ಓದುವವರು ಅದನ್ನು ಯಾವುದಕ್ಕೆ ಅಂಟಿಸುತ್ತಾರೆ?

ಇಂಗ್ಲಿಷ್ ವ್ಯವಹಾರ ಪತ್ರಗಳನ್ನು ಕಲಿಸುವವರು ಆರಂಭದ ನುಡಿಗಟ್ಟು ಉದ್ದವಾಗಿದ್ದರೆ ಅಲ್ಪವಿರಾಮ ಹಾಕಿ, ಒಂದೆರಡು ಪದದ್ದಾಗಿದ್ದರೆ ಬಿಟ್ಟರೂ ನಡೆಯುತ್ತದೆ ಎನ್ನುತ್ತಾರೆ. ಇಂಗ್ಲಿಷ್‌ಗೆ ಅದು ಸರಿಹೋಗುತ್ತದೆ. ಆ ಭಾಷೆಯಲ್ಲಿ 'ನೀವು ಕಳುಹಿಸಿದ' ಎಂಬಂಥ ವಿಶೇಷಣ ವಾಕ್ಯ ನಾಮಪದದ ಹಿಂದೆ ಬರುವುದಿಲ್ಲ, 'ಮಾದರಿ' ಎಂದ ಬಳಿಕ ಬರುತ್ತದೆ. ಹಾಗಾಗಿ ವಾಕ್ಯದ ತಲೆಯಲ್ಲಿ ಕೂತ 'ಶುಕ್ರವಾರ' ಯಾರ ಕೈಗೂ ಸಿಗದೆ ಮುಖ್ಯ ಕ್ರಿಯಾಪದಕ್ಕೆ ಹೋಗಿ ಸೇರುತ್ತದೆ. ಕನ್ನಡದಲ್ಲಿ ಕ್ರಮ ತಿರುವುಮುರುವು. 'ಕಳುಹಿಸಿದ', 'ತಿಳಿಸುವ', 'ಬಂದ', 'ಉಳಿದ' ಎಂಬ ಕೃದಂತಗಳು ನಾಮಪದದ ಮುಂಚೆ ಬರುತ್ತವೆ, ತಮ್ಮ ಎಡಕ್ಕೆ ಏನು ಸಿಕ್ಕರೂ ಅದನ್ನು ತಮ್ಮದೇ ಎಂದು ಎಳೆದುಕೊಳ್ಳುತ್ತವೆ. 'ಶುಕ್ರವಾರ ನೀವು ಕಳುಹಿಸಿದ' ಎಂದು ಬರೆದರೆ ಆ 'ಕಳುಹಿಸಿದ' ಶುಕ್ರವಾರವನ್ನೂ ಸೇರಿಸಿಕೊಂಡೇ ಮುಂದೆ ಹೋಗುತ್ತದೆ.

ಆದ್ದರಿಂದ ಕನ್ನಡದಲ್ಲಿ ಆರಂಭದ ಮಾತು ಉದ್ದವೋ ಗಿಡ್ಡವೋ ಎಂಬುದು ಮುಖ್ಯವಲ್ಲ. ಅದರ ಬಲಕ್ಕೆ ಕೃದಂತ ಇದೆಯೋ ಇಲ್ಲವೋ ಎಂಬುದು ಮುಖ್ಯ. 'ಶುಕ್ರವಾರ ಲಾರಿ ಹೊರಡುತ್ತದೆ' ಎಂಬಲ್ಲಿ ಅಲ್ಪವಿರಾಮ ಬೇಡ, ಏಕೆಂದರೆ ಶುಕ್ರವಾರವನ್ನು ಕಸಿದುಕೊಳ್ಳುವವರು ಯಾರೂ ಇಲ್ಲ. 'ಈ ಬಾರಿಯ ಮಳೆಯಿಂದ ತೋಟಗಳಲ್ಲಿ ಕೊಯ್ಲು ತಡವಾಗಿದೆ' ಎಂಬಲ್ಲಿಯೂ ಬೇಡ. 'ಶುಕ್ರವಾರ, ನೀವು ಕಳುಹಿಸಿದ ಮಾದರಿಯನ್ನು ಪರಿಶೀಲಿಸಿದೆವು' ಎಂಬಲ್ಲಿ ಬೇಕೇ ಬೇಕು. ಒಂದೇ ಪದವಾದರೂ ಬೇಕು.

ಮೂರನೆಯ ವಾಕ್ಯ ಇದಕ್ಕಿಂತ ಅಪಾಯಕಾರಿ. "ಮುಂದಿನ ಸೋಮವಾರದೊಳಗೆ ನೀವು ತಿಳಿಸುವ ಗೋದಾಮಿಗೆ 200 ಪೆಟ್ಟಿಗೆ ತಲುಪಿಸುತ್ತೇವೆ." ಬರೆದವರ ಮನಸ್ಸಿನಲ್ಲಿ ಇದ್ದದ್ದು ಸೋಮವಾರದೊಳಗೆ ಮಾಲು ತಲುಪುತ್ತದೆ ಎಂಬುದು. ಬೇಕರಿಯವರು ಇದನ್ನು 'ಗೋದಾಮು ಯಾವುದೆಂದು ತಿಳಿಸಲು ಸೋಮವಾರದವರೆಗೆ ನಮಗೆ ಸಮಯವಿದೆ' ಎಂದು ಓದಿದರೆ ಅವರನ್ನು ದೂರುವಂತಿಲ್ಲ. ಅವರು ಸೋಮವಾರ ಸಂಜೆ ನಿಧಾನವಾಗಿ ವಿಳಾಸ ಕಳುಹಿಸುತ್ತಾರೆ, ಬುಧವಾರ ಬಂದ ಲಾರಿಯವನು ಅಷ್ಟರಲ್ಲಿ ಬೇರೆಯವರ ಮಾಲು ತುಂಬಿಕೊಂಡು ಹೋಗಿರುತ್ತಾನೆ. ಇಬ್ಬರ ಬಳಿಯೂ ಅದೇ ಇಮೇಲ್ ಇದೆ, ಇಬ್ಬರೂ ಅದನ್ನೇ ತೋರಿಸಿ ತಾವೇ ಸರಿ ಎನ್ನುತ್ತಾರೆ.

'ಸೋಮವಾರದೊಳಗೆ' ಎಂಬುದರ ಮುಂದೆ ಅಲ್ಪವಿರಾಮ ಹಾಕಿದರೆ ಅರ್ಥ ಒಂದೇ ಆಗುತ್ತದೆ, ನಿಜ. ಆದರೆ ಇಂಥ ಕಡೆ ನಾನು ಅಲ್ಪವಿರಾಮವನ್ನೇ ನೆಚ್ಚಿಕೊಳ್ಳುವುದಿಲ್ಲ. ನಮ್ಮ ಕಡೆ ಇಮೇಲ್ ಬಂದರೆ ಮಾಲೀಕರು ಅದನ್ನು ಸ್ವತಃ ಓದುವುದಕ್ಕಿಂತ ಗುಮಾಸ್ತರು ಫೋನಿನಲ್ಲಿ ಓದಿ ಹೇಳುವುದೇ ಹೆಚ್ಚು. ಓದಿ ಹೇಳುವಾಗ ಅಲ್ಪವಿರಾಮ ಬಿದ್ದುಹೋಗುತ್ತದೆ. ವಾಟ್ಸ್ಆ್ಯಪ್‌ಗೆ ಎರಡು ಸಾಲು ಎತ್ತಿ ಬರೆದು ಕಳುಹಿಸಿದರೂ ಬಿದ್ದುಹೋಗುತ್ತದೆ. ಪದಗಳ ಕ್ರಮ ಮಾತ್ರ ಉಳಿಯುತ್ತದೆ. ಹಾಗಾಗಿ ಹಣ ಅಥವಾ ದಿನಾಂಕ ಇರುವ ವಾಕ್ಯದಲ್ಲಿ ಮೊದಲು ಕ್ರಮವನ್ನು ಸರಿಪಡಿಸಬೇಕು. ಕಾಲವನ್ನು ಸೂಚಿಸುವ ಪದವನ್ನು ಎತ್ತಿ ತಾನು ಸೇರಬೇಕಾದ ಕ್ರಿಯಾಪದದ ಪಕ್ಕಕ್ಕೆ ತಂದು ಕೂರಿಸಿದರೆ ಆಯಿತು. 'ನೀವು ಕಳುಹಿಸಿದ ಮಾದರಿಯನ್ನು ಶುಕ್ರವಾರ ಪರಿಶೀಲಿಸಿದೆವು.' 'ನೀವು ತಿಳಿಸುವ ಗೋದಾಮಿಗೆ 200 ಪೆಟ್ಟಿಗೆಗಳನ್ನು ಮುಂದಿನ ಸೋಮವಾರದೊಳಗೆ ತಲುಪಿಸುತ್ತೇವೆ.' ಇವೆರಡರಲ್ಲೂ ಅಲ್ಪವಿರಾಮ ಇಲ್ಲ, ಬೇಕಾಗಿಯೂ ಇಲ್ಲ. ಕ್ರಮ ಬದಲಿಸಲು ಬಾರದ ಕಡೆ, ಅಥವಾ ಬದಲಿಸಿದರೆ ಒತ್ತು ತಪ್ಪುವ ಕಡೆ ಮಾತ್ರ ಅಲ್ಪವಿರಾಮದ ಸರದಿ.

ಕರ್ತೃಪದದ ಮುಂದೆ ಹಾಕುವ ಅಲ್ಪವಿರಾಮದ ಕಥೆಯೂ ಇದೇ. 'ನಮ್ಮ ಸಂಸ್ಥೆಯು, ನಿಮ್ಮ ದರವನ್ನು ಒಪ್ಪಿದೆ' ಎಂಬಲ್ಲಿ ಅದು ಶುದ್ಧ ದಂಡ. ಸಂಸ್ಥೆ ಎಂಬ ಪದಕ್ಕೆ ಗಾಂಭೀರ್ಯ ಬರಲಿ ಎಂದು ಹಾಕುತ್ತಾರೋ ಏನೋ, ಕರ್ತೃವಿಗೂ ಕ್ರಿಯೆಗೂ ನಡುವೆ ಗೋಡೆ ಎದ್ದಂತೆ ಆಗುತ್ತದೆ. ಒಂದು ವಿನಾಯಿತಿ ಮಾತ್ರ ಉಂಟು. 'ಮಾಲೀಕರು ಗುಮಾಸ್ತರು ಹೇಳಿದ ದರವನ್ನು ಒಪ್ಪಿದ್ದಾರೆ' ಎಂದು ಎರಡು ಕರ್ತೃಗಳು ಒಂದರ ಪಕ್ಕ ಒಂದು ಬಂದು ನಿಂತಾಗ 'ಮಾಲೀಕರು' ಎಂಬುದರ ಮುಂದೆ ಅಲ್ಪವಿರಾಮ ಹಾಕದೆ ವಿಧಿಯಿಲ್ಲ. ಅಲ್ಲಿಯೂ 'ಗುಮಾಸ್ತರು ಹೇಳಿದ ದರವನ್ನು ಮಾಲೀಕರು ಒಪ್ಪಿದ್ದಾರೆ' ಎಂದು ತಿರುಗಿಸಿದರೆ ಜಗಳವೇ ಇಲ್ಲ.

ಷರತ್ತಿನ ಮಾತಿನಿಂದ ಆರಂಭವಾಗುವ ವಾಕ್ಯಗಳನ್ನು ಸ್ವಲ್ಪ ಬೇರೆಯಾಗಿ ನೋಡಬೇಕು. 'ಬಂದರೆ', 'ಬಂದರೂ', 'ಬಂದಾಗ' ಎಂಬ ರೂಪಗಳು ತಾವೇ ಒಂದು ಗಡಿಯನ್ನು ಹಾಕಿಕೊಂಡು ಬರುತ್ತವೆ. 'ಮುಂಗಡ ಬಂದರೆ ಲಾರಿ ಗೊತ್ತುಪಡಿಸುತ್ತೇವೆ' ಎಂಬಲ್ಲಿ '-ದರೆ' ಎಂಬ ಪ್ರತ್ಯಯವೇ ಅಲ್ಪವಿರಾಮದ ಕೆಲಸವನ್ನು ಮಾಡಿ ಮುಗಿಸಿದೆ. ಅದರ ಮೇಲೆ ಚಿಹ್ನೆಯನ್ನೂ ಹಾಕುವುದು ಬಾಗಿಲಿಗೆ ಎರಡು ಬೀಗ ಹಾಕುವ ಅಭ್ಯಾಸ. ಆದರೆ ಷರತ್ತು ಸಾಲಿನುದ್ದ ಬೆಳೆದಿದ್ದರೆ, ಅಥವಾ ಒಂದೇ ವಾಕ್ಯದಲ್ಲಿ ಎರಡು ಷರತ್ತುಗಳಿದ್ದರೆ ಕೊನೆಯ ಷರತ್ತಿನ ಮುಂದೆ ಒಂದು ಅಲ್ಪವಿರಾಮ ಇರಲಿ. ಮುಖ್ಯ ಮಾತು ಎಲ್ಲಿಂದ ಶುರುವಾಗುತ್ತದೆ ಎಂದು ಕಣ್ಣಿಗೆ ಒಡನೆ ಗೊತ್ತಾಗುತ್ತದೆ.

'ಆದರೆ': ಯಾವ ಮಗ್ಗುಲಿಗೆ ಹಾಕುತ್ತೀರಿ?

ಜೋಡಿಸುವ ಪದಗಳಲ್ಲಿ ಅತ್ಯಂತ ತಂಟೆಕೋರ ಪದ 'ಆದರೆ'. ಅದು 'ಹಾಗಿದ್ದರೂ' ಎಂಬ ಅರ್ಥವನ್ನೂ ಕೊಡುತ್ತದೆ, 'ಆದ ಪಕ್ಷದಲ್ಲಿ' ಎಂಬ ಷರತ್ತಿನ ಅರ್ಥವನ್ನೂ ಕೊಡುತ್ತದೆ. ಸಾಮಾನ್ಯವಾಗಿ ಅಕ್ಕಪಕ್ಕದ ಪದಗಳಿಂದಲೇ ಯಾವ 'ಆದರೆ' ಎಂದು ತಿಳಿದುಬಿಡುತ್ತದೆ. 'ಪಾವತಿ ಆಗಿದೆ ಆದರೆ ರಸೀದಿ ಬಂದಿಲ್ಲ' ಎಂಬಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ, 'ಆಗಿದೆ' ಎಂಬ ಪೂರ್ಣ ಕ್ರಿಯಾಪದ ಬಂದು ಮೊದಲ ಮಾತನ್ನು ಮುಗಿಸಿದೆ. ಆದರೆ ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದೆ ವಾಕ್ಯ ಪೂರ್ಣವಾಗಬಹುದು. 'ಮಾಲು ಸಿದ್ಧ.' 'ದರ ಅಂತಿಮ.' 'ಲಾರಿ ಖಾಲಿ.' ವ್ಯಾಪಾರಸ್ಥರು ಹೆಚ್ಚಾಗಿ ಬರೆಯುವುದು ಇಂಥ ಮೊಟಕು ವಾಕ್ಯಗಳನ್ನೇ.

ನಮ್ಮ ಇಮೇಲ್‌ನ ಎರಡನೆಯ ವಾಕ್ಯವನ್ನು ಈಗ ನೋಡಿ. "ಹಸಿರು ಒಣದ್ರಾಕ್ಷಿ ಸಿದ್ಧ ಆದರೆ ಲಾರಿ ಬುಧವಾರ ಬರುತ್ತದೆ." ಮಾಲು ಸಿದ್ಧವಾಗಿಯೇ ಇದೆ, ಲಾರಿ ಮಾತ್ರ ಬುಧವಾರ ಎಂದು ಒಂದು ಓದು. ಮಾಲು ಸಿದ್ಧವಾದ ಪಕ್ಷದಲ್ಲಿ ಬುಧವಾರ ಲಾರಿ ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಇನ್ನೊಂದು ಓದು. ಮೊದಲನೆಯದರಲ್ಲಿ ಭರವಸೆ ಇದೆ, ಎರಡನೆಯದರಲ್ಲಿ ಅನುಮಾನ. ಇಲ್ಲಿ ಅಲ್ಪವಿರಾಮ ಎಷ್ಟು ಬಲಶಾಲಿ ಎಂದರೆ ಅದನ್ನು ಇಡುವ ಮಗ್ಗುಲು ಬದಲಾದರೆ ಅರ್ಥವೇ ಮಗುಚಿಕೊಳ್ಳುತ್ತದೆ:

> ಒಣದ್ರಾಕ್ಷಿ ಸಿದ್ಧ, ಆದರೆ ಲಾರಿ ಬುಧವಾರ ಬರುತ್ತದೆ.
> ಒಣದ್ರಾಕ್ಷಿ ಸಿದ್ಧ ಆದರೆ, ಲಾರಿ ಬುಧವಾರ ಬರುತ್ತದೆ.

ಹಿಂದೆ ಇಟ್ಟರೆ ಮಾಲು ಇದೆ. ಮುಂದೆ ಇಟ್ಟರೆ ಮಾಲು ಇನ್ನೂ ಇಲ್ಲ. 'ಆದರೆ' ಬಂದಲ್ಲೆಲ್ಲ ಅದರ ಮುಂದೆ ಕಣ್ಣು ಮುಚ್ಚಿ ಅಲ್ಪವಿರಾಮ ಹಾಕುವ ಅಭ್ಯಾಸ ಬಹಳ ಜನರಿಗೆ ಇದೆ. ಅವರು ತಮಗೆ ಗೊತ್ತಿಲ್ಲದೆಯೇ ಎರಡನೆಯ ವಾಕ್ಯವನ್ನು ಬರೆದುಬಿಡುತ್ತಾರೆ. ವಾಕ್ಯದ ಮೊದಲಲ್ಲೇ ಬರುವ 'ಆದರೆ'ಗೂ ಅಲ್ಪವಿರಾಮ ಬೇಕಿಲ್ಲ. 'ಆದರೆ ಲಾರಿ ಸಿಕ್ಕಿಲ್ಲ' ಎಂದರೆ ಸಾಕು. 'ಆದ್ದರಿಂದ', 'ಹೀಗಾಗಿ' ಎಂಬವುಗಳಿಗೂ ನಾನು ಹಾಕುವುದಿಲ್ಲ. ಪತ್ರಿಕೆಗಳಲ್ಲಿ ಎರಡೂ ರೂಢಿಗಳು ಕಾಣುತ್ತವೆ, ಹಾಗಾಗಿ ಹಾಕಿದವರನ್ನು ತಪ್ಪು ಎನ್ನಲಾರೆ. ಅನವಶ್ಯಕ ಎನ್ನುತ್ತೇನೆ.

ಇನ್ನೂ ಭದ್ರವಾದ ದಾರಿ ಇಲ್ಲಿಯೂ ಪದಗಳದ್ದೇ. ಮಾಲು ಇದ್ದರೆ 'ಸಿದ್ಧವಾಗಿದೆ, ಆದರೆ' ಎಂದು ಕ್ರಿಯಾಪದ ಪೂರ್ತಿ ಬರೆಯಿರಿ. ಷರತ್ತಾದರೆ 'ಸಿದ್ಧವಾದರೆ' ಎಂದು ಕೂಡಿಸಿ ಬರೆಯಿರಿ. ಮೊದಲನೆಯದರಲ್ಲಿ ಅಲ್ಪವಿರಾಮ ಕಣ್ಣಿಗೆ ಅನುಕೂಲ, ಅದು ಬಿದ್ದುಹೋದರೂ ಅರ್ಥ ಕೆಡುವುದಿಲ್ಲ. ಒಳ್ಳೆಯ ವ್ಯವಹಾರ ಪತ್ರದಲ್ಲಿ ಬಹುತೇಕ ಅಲ್ಪವಿರಾಮಗಳು ಈ ಜಾತಿಯವೇ ಆಗಿರಬೇಕು.

'ಮತ್ತು' ಬಂದಾಗ

'ಮತ್ತು' ಎಂಬುದರ ಹಿಂದೆ ಅಲ್ಪವಿರಾಮ ಬೇಕೇ ಎಂಬ ಪ್ರಶ್ನೆಗೆ ಉತ್ತರ ಅದು ಏನನ್ನು ಜೋಡಿಸುತ್ತಿದೆ ಎಂಬುದರಲ್ಲಿದೆ. ಎರಡು ಪದಗಳನ್ನು ಜೋಡಿಸುತ್ತಿದ್ದರೆ ಬೇಡ: 'ಬಿಲ್ಲು ಮತ್ತು ತೂಕದ ಚೀಟಿ'. ಮೂರು ನಾಲ್ಕು ಪದಗಳ ಸಾಲಿನ ಕೊನೆಯಲ್ಲಿ ಬಂದರೂ ಕನ್ನಡದ ಮುದ್ರಣ ರೂಢಿಯಲ್ಲಿ ಬೇಡ: 'ಬಿಲ್ಲು, ರಸೀದಿ ಮತ್ತು ತೂಕದ ಚೀಟಿ'. ಇಂಗ್ಲಿಷ್‌ನಲ್ಲಿ ಈ ಕೊನೆಯ ಅಲ್ಪವಿರಾಮದ ಬಗ್ಗೆ ದೊಡ್ಡ ವ್ಯಾಜ್ಯವೇ ಇದೆ. ಅಮೆರಿಕದ ಪುಸ್ತಕ ಪ್ರಕಾಶಕರು ಹೆಚ್ಚಾಗಿ ಹಾಕುತ್ತಾರೆ, ಬ್ರಿಟನ್ನಿನ ಪತ್ರಿಕೆಗಳು ಹೆಚ್ಚಾಗಿ ಬಿಡುತ್ತವೆ. ಆ ವ್ಯಾಜ್ಯವನ್ನು ಕನ್ನಡಕ್ಕೆ ಎಳೆದು ತರುವ ಅಗತ್ಯ ಕಾಣುವುದಿಲ್ಲ.

ಎರಡು ಪೂರ್ಣ ವಾಕ್ಯಗಳನ್ನು ಜೋಡಿಸುತ್ತಿದ್ದರೆ, ಅಂದರೆ ಎರಡೂ ಕಡೆ ಬೇರೆ ಕರ್ತೃ, ಬೇರೆ ಕ್ರಿಯಾಪದ ಇದ್ದರೆ ಅಲ್ಪವಿರಾಮ ಬೇಕು. ಆದರೆ ಅಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: 'ಮತ್ತು' ಅಲ್ಲಿ ನಿಜಕ್ಕೂ ಬೇಕೇ? ವಾಕ್ಯಗಳನ್ನು 'ಮತ್ತು' ಹಾಕಿ ಹೊಲಿಯುವುದು ಕನ್ನಡದ ಜಾಯಮಾನವಲ್ಲ. ಕರ್ತೃ ಒಬ್ಬರೇ ಆಗಿದ್ದರೆ ನಾವು 'ತೂಗಿ ಕಳುಹಿಸುತ್ತೇವೆ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ, 'ತೂಗುತ್ತೇವೆ, ಮತ್ತು ಕಳುಹಿಸುತ್ತೇವೆ' ಎನ್ನುವುದಿಲ್ಲ. ಕರ್ತೃಗಳು ಬೇರೆಯಾದರೆ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಆರಂಭಿಸುವುದೇ ಸೊಗಸು. 'ತಲುಪಿಸುತ್ತೇವೆ ಮತ್ತು ಬಾಕಿ ಹಣ ಬಂದ ಮೇಲೆ' ಎಂಬಲ್ಲಿ ಅಲ್ಪವಿರಾಮ ಹಾಕಲೋ ಬಿಡಲೋ ಎಂದು ಯೋಚಿಸುವ ಬದಲು 'ಮತ್ತು' ತೆಗೆದು ಪೂರ್ಣವಿರಾಮ ಹಾಕಿದರೆ ಪ್ರಶ್ನೆಯೇ ಉಳಿಯುವುದಿಲ್ಲ. 'ಪರಿಶೀಲಿಸಿ, ನಿಗದಿಪಡಿಸಿ, ಮತ್ತು' ಎಂದು ಅಪೂರ್ಣ ಕ್ರಿಯಾಪದಗಳ ಬಳಿಕ 'ಮತ್ತು' ತರುವುದಂತೂ ಅಲ್ಪವಿರಾಮದಿಂದ ರಿಪೇರಿಯಾಗುವ ತಪ್ಪೇ ಅಲ್ಲ.

'ಮತ್ತು' ಒಳಗೆ 'ಮತ್ತು' ಬಂದಾಗ ಮಾತ್ರ ನಿಜವಾದ ತೊಡಕು. "10 ಕಿಲೋ ಮತ್ತು 15 ಕಿಲೋ ಪೆಟ್ಟಿಗೆ ಮತ್ತು ಚೀಲಗಳ ದರಪಟ್ಟಿ." ಚೀಲಗಳೂ 10 ಮತ್ತು 15 ಕಿಲೋದವೇ? ಅಥವಾ ಚೀಲಗಳ ಲೆಕ್ಕ ಬೇರೆಯೇ? ಇಲ್ಲಿ ಎರಡನೆಯ 'ಮತ್ತು' ಹಿಂದೆ ಅಲ್ಪವಿರಾಮ ಹಾಕಿದರೆ ಗುಂಪು ಬೇರೆಯಾಗುತ್ತದೆ. ಕನ್ನಡದಲ್ಲಿ ಇದಕ್ಕಿಂತ ಹಳೆಯ, ಚೊಕ್ಕ ಉಪಾಯವೊಂದಿದೆ. ಒಳಗಿನ ಜೋಡಿಗೆ 'ಮತ್ತು', ಹೊರಗಿನ ಜೋಡಿಗೆ 'ಹಾಗೂ'. '10 ಕಿಲೋ ಮತ್ತು 15 ಕಿಲೋ ಪೆಟ್ಟಿಗೆಗಳ ಹಾಗೂ ಚೀಲಗಳ ದರಪಟ್ಟಿ' ಎಂದರೆ 'ಪೆಟ್ಟಿಗೆಗಳ' ಎಂಬ ವಿಭಕ್ತಿಯೂ ಸೇರಿ ಗಡಿ ಗಟ್ಟಿಯಾಗುತ್ತದೆ.

ಅಲ್ಪವಿರಾಮ ಕೈಚೆಲ್ಲುವ ಜಾಗವೂ ಇದೇ ಸಾಲಿನಲ್ಲಿ ಇದೆ. 'ಹಸಿರು ಮತ್ತು ಕಪ್ಪು ಒಣದ್ರಾಕ್ಷಿ 50 ಪೆಟ್ಟಿಗೆ' ಎಂದು ಬರೆದರೆ ಒಟ್ಟು ಐವತ್ತೋ, ಒಂದೊಂದು ಐವತ್ತೋ? ಎಲ್ಲಿ ಅಲ್ಪವಿರಾಮ ಇಟ್ಟರೂ ಇದು ಬಗೆಹರಿಯುವುದಿಲ್ಲ. 'ತಲಾ 50' ಅಥವಾ 'ಒಟ್ಟು 50' ಎಂದೇ ಬರೆಯಬೇಕು.

ಜೋಡಿಸುವ ಪದದ ಹಿಂದಿನ ಒಂದು ಅಲ್ಪವಿರಾಮ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಕೆನಡಾದ ಒಂದು ಪ್ರಕರಣ ದಾಖಲೆಯಲ್ಲಿದೆ. ರೋಜರ್ಸ್ ಮತ್ತು ಅಲಿಯಂಟ್ ಎಂಬ ದೂರಸಂಪರ್ಕ ಸಂಸ್ಥೆಗಳ ನಡುವೆ ಕಂಬಗಳ ಬಾಡಿಗೆಯ ಒಪ್ಪಂದವಿತ್ತು. ಒಪ್ಪಂದ ಐದು ವರ್ಷ ಇರುತ್ತದೆ, ಆಮೇಲೆ ಐದೈದು ವರ್ಷ ಮುಂದುವರಿಯುತ್ತದೆ, ಒಂದು ವರ್ಷದ ಲಿಖಿತ ನೋಟಿಸ್ ಕೊಟ್ಟು ರದ್ದುಪಡಿಸದ ಹೊರತು, ಎಂಬುದು ಅದರ ಸಾರ. 'ಹೊರತು' ಎಂಬ ಅರ್ಥದ ಪದದ ಹಿಂದೆ ಇಂಗ್ಲಿಷ್ ಪ್ರತಿಯಲ್ಲಿ ಒಂದು ಅಲ್ಪವಿರಾಮವಿತ್ತು. ಆ ಅಲ್ಪವಿರಾಮ ಇರುವುದರಿಂದ ರದ್ದತಿಯ ಷರತ್ತು ಮೊದಲ ಐದು ವರ್ಷಕ್ಕೂ ಅನ್ವಯಿಸುತ್ತದೆ ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಕರು 2006ರಲ್ಲಿ ಹೇಳಿದರು. ಅಂದರೆ ನಡುವೆಯೇ ಒಪ್ಪಂದ ಮುರಿಯಬಹುದು ಎಂದಾಯಿತು. 2007ರಲ್ಲಿ ಫ್ರೆಂಚ್ ಪ್ರತಿಯನ್ನು ನೋಡಿ ಆ ತೀರ್ಮಾನವನ್ನು ಬದಲಾಯಿಸಲಾಯಿತು, ಏಕೆಂದರೆ ಫ್ರೆಂಚ್ ವಾಕ್ಯದ ರಚನೆಯಲ್ಲಿ ಆ ಸಂದಿಗ್ಧ ಇರಲಿಲ್ಲ. ಅಲ್ಲಿಯೂ ಕೊನೆಗೆ ಜಗಳ ಬಗೆಹರಿಸಿದ್ದು ಪದಗಳ ಜೋಡಣೆಯೇ.

ಜೋಡಿಸುವ ಪದವೇ ಇಲ್ಲದ ಕಡೆ ಆಗುವ ಒಂದು ಎಡವಟ್ಟನ್ನು ಹೇಳಲೇಬೇಕು. "ಪೆಟ್ಟಿಗೆ ತೆರೆದು ನೋಡಿ ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಬದಲಾಯಿಸಿ ಕೊಡುತ್ತೇವೆ." 'ನೋಡಿ' ಎಂಬ ರೂಪ 'ನೀವು ನೋಡಿರಿ' ಎಂಬ ವಿನಂತಿಯೂ ಹೌದು, 'ನೋಡಿದ ಬಳಿಕ' ಎಂಬ ಅಪೂರ್ಣ ಕ್ರಿಯೆಯೂ ಹೌದು. ವಾಕ್ಯ 'ಕೊಡುತ್ತೇವೆ' ಎಂದು ಮುಗಿದಿರುವುದರಿಂದ ಪೆಟ್ಟಿಗೆ ತೆರೆದು ನೋಡುವವರೂ ನಾವೇ ಎಂದಾಗುತ್ತದೆ. ತಪಾಸಣೆಯ ಹೊಣೆ ಮಾರುವವರ ತಲೆಗೆ ಬಂತು. ಹಸಿರು ಒಣದ್ರಾಕ್ಷಿ ಶೀತಲಗೃಹದಿಂದ ಹೊರಬಂದು ಬಿಸಿಲಿನಲ್ಲಿ ನಿಂತರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಯಾರು ಯಾವಾಗ ನೋಡಬೇಕು ಎಂಬುದು ಇಲ್ಲಿ ಸಣ್ಣ ಮಾತಲ್ಲ. 'ನೋಡಿ' ಎಂಬುದರ ಮುಂದೆ ಅಲ್ಪವಿರಾಮ ಹಾಕುವವರಿದ್ದಾರೆ. ಅದು ಅರ್ಧ ಪರಿಹಾರ. ಎರಡು ಬೇರೆ ಕರ್ತೃಗಳ ಎರಡು ಪೂರ್ಣ ಮಾತುಗಳು ಅವು, ನಡುವೆ ಪೂರ್ಣವಿರಾಮವೇ ಇರಬೇಕು.

ಟೈಪ್ ಮಾಡುವಾಗಿನ ಒಂದು ಚಿಕ್ಕ ಸಂಗತಿ. ಅಲ್ಪವಿರಾಮ ಹಿಂದಿನ ಪದಕ್ಕೆ ಅಂಟಿಕೊಂಡಿರಬೇಕು, ಅದರ ಬಳಿಕ ಜಾಗ ಬಿಡಬೇಕು. ಹಿಂದೆಯೂ ಜಾಗ ಬಿಟ್ಟರೆ ಮೊಬೈಲ್ ಪರದೆಯಲ್ಲಿ ಸಾಲು ಮುರಿದಾಗ ಅಲ್ಪವಿರಾಮ ಮುಂದಿನ ಸಾಲಿನ ತಲೆಗೆ ಹೋಗಿ ಕೂರುತ್ತದೆ. ಮೊತ್ತಗಳನ್ನು ಬರೆಯುವಾಗಲೂ ಎಚ್ಚರ ಬೇಕು. 'ಮುಂಗಡ 1,20,000, ಬಾಕಿ 80,000' ಎಂಬಲ್ಲಿ ಅಂಕಿಯ ಅಲ್ಪವಿರಾಮವೂ ವಾಕ್ಯದ ಅಲ್ಪವಿರಾಮವೂ ಕಲೆಸಿಹೋಗುತ್ತವೆ. '1,20,000 ರೂಪಾಯಿ ಮುಂಗಡ, 80,000 ರೂಪಾಯಿ ಬಾಕಿ' ಎಂದರೆ ನಿರಾಳ.

ಇಷ್ಟನ್ನೂ ಇಟ್ಟುಕೊಂಡು ಅದೇ ಇಮೇಲ್ ಅನ್ನು ಮತ್ತೆ ಬರೆದರೆ:

> ಮಾನ್ಯರೇ,
> ನೀವು ಕಳುಹಿಸಿದ ಮಾದರಿಯನ್ನು ಶುಕ್ರವಾರ ಪರಿಶೀಲಿಸಿದೆವು. ಅದಕ್ಕೆ ಹೊಂದುವ ಹಸಿರು ಒಣದ್ರಾಕ್ಷಿ ಸಿದ್ಧವಾಗಿದೆ, ಆದರೆ ಲಾರಿ ಬರುವುದು ಬುಧವಾರ. ನೀವು ತಿಳಿಸುವ ಗೋದಾಮಿಗೆ 200 ಪೆಟ್ಟಿಗೆಗಳನ್ನು ಮುಂದಿನ ಸೋಮವಾರದೊಳಗೆ ತಲುಪಿಸುತ್ತೇವೆ. ಗೋದಾಮಿನ ವಿಳಾಸವನ್ನು ಮಂಗಳವಾರ ಸಂಜೆಯೊಳಗೆ ಕಳುಹಿಸಿ. ಬಾಕಿ ಹಣ ಬಂದ ಮೇಲೆ, ಉಳಿದ 100 ಪೆಟ್ಟಿಗೆಗಳು ಹೊರಡುತ್ತವೆ. ಮಾಲು ತಲುಪಿದ ಕೂಡಲೇ ಪೆಟ್ಟಿಗೆ ತೆರೆದು ನೋಡಿ. ಬಣ್ಣದಲ್ಲಿ ವ್ಯತ್ಯಾಸವಿದ್ದರೆ ಬದಲಾಯಿಸಿ ಕೊಡುತ್ತೇವೆ. 10 ಕಿಲೋ ಮತ್ತು 15 ಕಿಲೋ ಪೆಟ್ಟಿಗೆಗಳ ಹಾಗೂ ಚೀಲಗಳ ದರಪಟ್ಟಿಯನ್ನು ಲಗತ್ತಿಸಿದ್ದೇವೆ.

ಇಡೀ ಇಮೇಲ್‌ನಲ್ಲಿ ಉಳಿದದ್ದು ಮೂರೇ ಅಲ್ಪವಿರಾಮಗಳು. 'ಮಾನ್ಯರೇ' ಎಂಬುದರ ಮುಂದಿನದು ಸಂಬೋಧನೆಯದು. 'ಆದರೆ' ಹಿಂದಿನದು ಎರಡು ಪೂರ್ಣ ಮಾತುಗಳ ನಡುವಿನದು, ಬಿದ್ದುಹೋದರೂ ನಷ್ಟವಿಲ್ಲ. 'ಬಾಕಿ ಹಣ ಬಂದ ಮೇಲೆ' ಎಂಬುದರ ಮುಂದಿನದು ಮಾತ್ರ ನಿಜವಾಗಿ ದುಡಿಯುತ್ತಿದೆ. 'ಉಳಿದ' ಎಂಬುದೂ ಒಂದು ಕೃದಂತ. ಅಲ್ಪವಿರಾಮ ಇಲ್ಲದಿದ್ದರೆ 'ಬಾಕಿ ಹಣ ಬಂದ ಮೇಲೆ ಉಳಿದ 100 ಪೆಟ್ಟಿಗೆಗಳು' ಎಂದು ಒಂದಾಗಿ, ಹಣ ಬಂದ ನಂತರವೂ ನಮ್ಮಲ್ಲೇ ಉಳಿದುಹೋದ ನೂರು ಪೆಟ್ಟಿಗೆಗಳು ಎಂಬ ಅರ್ಥ ಬರುತ್ತದೆ. ಅಂದರೆ ದುಡ್ಡು ಪಡೆದೂ ಮಾಲು ಕಳುಹಿಸದೆ ಇಟ್ಟುಕೊಂಡೆವು ಎಂದು ನಾವೇ ಬರೆದುಕೊಟ್ಟಂತೆ. ಈ ಒಂದನ್ನೂ ನೆಚ್ಚಲು ಮನಸ್ಸಿಲ್ಲದವರು 'ಉಳಿದ 100 ಪೆಟ್ಟಿಗೆಗಳು ಬಾಕಿ ಹಣ ಬಂದ ಮೇಲೆ ಹೊರಡುತ್ತವೆ' ಎಂದು ತಿರುಗಿಸಿ ಬರೆಯಬಹುದು.